ನಿವೃತ್ತ ಎಂಜಿನಿಯರ್ ಕಾರ್ಖಾನೆಗೆ ಬರೆಯುವ ಕಿರುಪತ್ರ: ಅರೆಕಾಲಿಕ ಕೆಲಸ ಮತ್ತು ಕಿರಿಯರ ತರಬೇತಿಗೆ ಪ್ರಸ್ತಾವ ಸಲ್ಲಿಸುವ ಬಗೆ

ಎಚ್‌ಎಎಲ್, ಬಿಇಎಲ್, ಬಿಇಎಂಎಲ್‌ನಂತಹ ದೊಡ್ಡ ಕಾರ್ಖಾನೆಗಳಲ್ಲಿ ದಶಕಗಳ ಕಾಲ ಮಷಿನ್ ಶಾಪ್, ಟೂಲ್ ರೂಮ್ ಅಥವಾ ಇನ್‌ಸ್ಪೆಕ್ಷನ್ ನೋಡಿಕೊಂಡು ನಿವೃತ್ತರಾದವರು ಬೆಂಗಳೂರಿನಲ್ಲಿ ಬಹಳ ಮಂದಿ ಇದ್ದಾರೆ. ಇನ್ನೊಂದೆಡೆ ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ್ ಮುಂತಾದ ಕಡೆಗಳಲ್ಲಿರುವ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಲ್ಲಿ ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ಬಂದ ಹುಡುಗರಿಗೆ ಪಕ್ಕದಲ್ಲಿ ನಿಂತು ಕೆಲಸ ಕಲಿಸುವವರು ಇರುವುದಿಲ್ಲ. ಅಂತಹ ಕಾರ್ಖಾನೆಗೆ ಪೂರ್ಣಾವಧಿಯ ಹಿರಿಯ ಎಂಜಿನಿಯರ್ ಹೊರೆಯಾಗುತ್ತಾರೆ. ವಾರದಲ್ಲಿ ಎರಡು ಬಾರಿ ಬಂದು ಹೋಗುವ ಅನುಭವಿ ಹೊರೆಯಾಗುವುದಿಲ್ಲ. ಆದರೂ ನಿವೃತ್ತರು ಬರೆಯುವ ಪತ್ರಗಳಲ್ಲಿ ಹೆಚ್ಚಿನವು ಉತ್ತರವಿಲ್ಲದೆ ಉಳಿಯುವುದಕ್ಕೆ ಕಾರಣವೆಂದರೆ, ಅವು ಪ್ರಸ್ತಾವಗಳಾಗಿರದೆ ನೌಕರಿಯ ಅರ್ಜಿಗಳಾಗಿರುತ್ತವೆ. ಅರ್ಜಿಯನ್ನು ಓದಿದ ಮಾಲೀಕರ ಮನಸ್ಸಿನಲ್ಲಿ ಮೊದಲು ಏಳುವುದು ಸಂಬಳ, ಹುದ್ದೆ, ಕೊಠಡಿ ಇತ್ಯಾದಿ ಪ್ರಶ್ನೆಗಳು, ಮತ್ತು ಅವೆಲ್ಲಕ್ಕೂ ಸುಲಭವಾದ ಉತ್ತರ ‘ಸದ್ಯಕ್ಕೆ ಬೇಡ’ ಎಂಬುದೇ.

ಈ ಮಾರ್ಗದರ್ಶಿಯಲ್ಲಿ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಬಿಡಿಸಿ ನೋಡೋಣ. ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಮಷಿನ್ ಶಾಪ್ ಮತ್ತು ಇನ್‌ಸ್ಪೆಕ್ಷನ್ ವಿಭಾಗಗಳಲ್ಲಿ 34 ವರ್ಷ ದುಡಿದವರೊಬ್ಬರು, ಪೀಣ್ಯದಲ್ಲಿ ಸುಮಾರು 70 ಜನ ಕೆಲಸ ಮಾಡುವ, ಅಲ್ಯೂಮಿನಿಯಂ ವಾಲ್ವ್ ಬಾಡಿಗಳನ್ನು ತಯಾರಿಸುವ ಕಂಪನಿಗೆ ಪತ್ರ ಬರೆಯುತ್ತಿದ್ದಾರೆ ಎಂದುಕೊಳ್ಳೋಣ. ವ್ಯಕ್ತಿ ಮತ್ತು ಕಂಪನಿ ಎರಡೂ ಕಲ್ಪಿತ. ಸನ್ನಿವೇಶ ಮಾತ್ರ ಆ ಪ್ರದೇಶವನ್ನು ಬಲ್ಲವರಿಗೆ ಹೊಸದಲ್ಲ.

ಹಂತ 1: ಬರೆಯುವ ಮೊದಲು ಹಳೆಯ ಕರಾರುಗಳನ್ನು ನೋಡಿಕೊಳ್ಳಿ

ಕೇಂದ್ರ ಸರ್ಕಾರದ ‘ಎ’ ಗುಂಪಿನ ಅಧಿಕಾರಿಯಾಗಿ ನಿವೃತ್ತರಾದವರು ನಿವೃತ್ತಿಯ ನಂತರದ ಒಂದು ವರ್ಷದೊಳಗೆ ವಾಣಿಜ್ಯ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಬೇಕಾದರೆ ಸರ್ಕಾರದ ಪೂರ್ವಾನುಮತಿ ಪಡೆಯಬೇಕು. ಸ್ವಂತವಾಗಿ ಸಲಹಾ ವೃತ್ತಿ ಆರಂಭಿಸುವುದೂ ಇದರ ವ್ಯಾಪ್ತಿಗೆ ಬರಬಹುದು. ಆದ್ದರಿಂದ ‘ನಾನು ನೌಕರಿಗೆ ಸೇರುತ್ತಿಲ್ಲವಲ್ಲ’ ಎಂದು ಸಮಾಧಾನ ಮಾಡಿಕೊಳ್ಳಬಾರದು. ಸಾರ್ವಜನಿಕ ವಲಯದ ಉದ್ದಿಮೆಗಳಿಗೆ ಅವುಗಳದೇ ಸೇವಾ ನಿಯಮಗಳಿರುತ್ತವೆ, ಮತ್ತು ಆ ನಿರ್ಬಂಧಗಳು ಮೇಲಿನ ಹುದ್ದೆಯವರಿಗೆ ಹೆಚ್ಚು ಬಿಗಿಯಾಗಿರುತ್ತವೆ. ಖಾಸಗಿ ಕಂಪನಿಯಿಂದ ಬಂದವರು ತಮ್ಮ ನೇಮಕಾತಿ ಪತ್ರವನ್ನೂ ಬಿಡುಗಡೆ ಪತ್ರವನ್ನೂ ತೆಗೆದು, ಪ್ರತಿಸ್ಪರ್ಧಿ ಸಂಸ್ಥೆಗೆ ಕೆಲಸ ಮಾಡುವ ಕುರಿತು ಮತ್ತು ಗೋಪ್ಯತೆಯ ಕುರಿತು ಏನು ಬರೆದಿದೆ ಎಂದು ಓದಿಕೊಳ್ಳಬೇಕು.

ಹಿಂದಿನ ಸಂಸ್ಥೆಯ ಡ್ರಾಯಿಂಗ್, ಪ್ರಕ್ರಿಯೆಯ ಹಾಳೆ, ಗ್ರಾಹಕರ ವಿವರ ಇವು ಯಾವುವೂ ಪತ್ರದಲ್ಲಿ ಕಾಣಿಸಿಕೊಳ್ಳಬಾರದು, ‘ಅಲ್ಲಿ ಹೀಗೆ ಮಾಡುತ್ತಿದ್ದೆವು’ ಎಂಬ ಸುಳಿವಿನ ರೂಪದಲ್ಲಿಯೂ ಸಹ. ಅವನ್ನು ನೋಡಿ ಖುಷಿಪಡುವ ಮಾಲೀಕರು ಕೂಡ, ನಾಳೆ ನಮ್ಮ ಗುಟ್ಟನ್ನೂ ಈತ ಹೀಗೆಯೇ ಹೊರಗೆ ಹಾಕುವುದಿಲ್ಲವೇ ಎಂದು ಯೋಚಿಸದೆ ಇರಲಾರರು.

ಹಂತ 2: ಕೊಡುವುದು ಒಂದೇ ವಿಷಯವಾಗಿರಲಿ

ಮೂರು ದಶಕಗಳ ಅನುಭವವಿರುವವರಿಗೆ ಇದೇ ಅತ್ಯಂತ ಕಷ್ಟದ ಹಂತ. ಉತ್ಪಾದನೆ, ಗುಣಮಟ್ಟ, ನಿರ್ವಹಣೆ, ಖರೀದಿ ಎಲ್ಲವನ್ನೂ ಬಲ್ಲವರು ಎಲ್ಲವನ್ನೂ ಬರೆಯಲು ಹೊರಡುತ್ತಾರೆ; ಓದುವವರಿಗೆ ಅದರಲ್ಲಿ ತಮಗೆ ಬೇಕಾದದ್ದು ಯಾವುದೆಂದು ತಿಳಿಯುವುದಿಲ್ಲ. ಕಂಪನಿಯ ಕಡೆಯಿಂದ ಆರಂಭಿಸುವುದು ಸರಿಯಾದ ಕ್ರಮ. ಅವರ ವೆಬ್‌ಸೈಟಿನಲ್ಲಿ ಯಾವ ಭಾಗಗಳನ್ನು ತಯಾರಿಸುತ್ತಾರೆ, ಯಾವ ಯಂತ್ರಗಳಿವೆ ಎಂಬುದು ಸಾಮಾನ್ಯವಾಗಿ ಇರುತ್ತದೆ. ಅದಕ್ಕಿಂತ ಹೆಚ್ಚು ಹೇಳುವುದು ನೌಕರಿಯ ಜಾಹೀರಾತು. ಕ್ವಾಲಿಟಿ ವಿಭಾಗಕ್ಕೆ ಅನುಭವವಿಲ್ಲದ ಡಿಪ್ಲೊಮಾದವರು ಬೇಕು ಎಂಬ ಜಾಹೀರಾತು ಕೆಲವೇ ತಿಂಗಳಲ್ಲಿ ಮತ್ತೆ ಕಾಣಿಸಿಕೊಂಡರೆ, ಒಂದೋ ಕೆಲಸ ಬೆಳೆಯುತ್ತಿದೆ, ಇಲ್ಲವೇ ಬಂದ ಹುಡುಗರು ನಿಲ್ಲುತ್ತಿಲ್ಲ. ಎರಡರಲ್ಲಿ ಯಾವುದಾದರೂ ಕಲಿಸುವವರ ಅಗತ್ಯ ಅಲ್ಲಿ ಇದ್ದೇ ಇರುತ್ತದೆ.

ನಮ್ಮ ಉದಾಹರಣೆಯ ಎಂಜಿನಿಯರ್ ಹೀಗೆ ನೋಡಿ ಆರಿಸಿಕೊಂಡ ವಿಷಯ ನಿಖರ ರಂಧ್ರಗಳ ಅಳತೆ. ಕಾರಣವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಪತ್ರದ ಬೆಲೆ ಇಂತಹ ವಿವರದಲ್ಲಿಯೇ ಇದೆ. 25 ಮಿಲಿಮೀಟರ್ ರಂಧ್ರಕ್ಕೆ ಡ್ರಾಯಿಂಗ್‌ನಲ್ಲಿ ‘ಎಚ್7’ ಎಂದು ಬರೆದಿದ್ದರೆ, ಅದು 25.000ರಿಂದ 25.021ರ ನಡುವೆ ಇರಬೇಕು. ಅಂದರೆ ಇರುವ ಅವಕಾಶ 21 ಮೈಕ್ರಾನ್. ಹೊಸ ಹುಡುಗ ಯಂತ್ರದಿಂದ ಆಗತಾನೆ ಇಳಿಸಿದ ಬೆಚ್ಚಗಿನ ಅಲ್ಯೂಮಿನಿಯಂ ಭಾಗವನ್ನು ಅಳೆಯುತ್ತಾನೆ. ಅವನ ಬೋರ್ ಗೇಜನ್ನು ಹೊಂದಿಸಿರುವ ಉಕ್ಕಿನ ಸೆಟ್ಟಿಂಗ್ ರಿಂಗ್ ಕೋಣೆಯ ತಾಪಮಾನದಲ್ಲಿರುತ್ತದೆ. ಭಾಗವು ರಿಂಗ್‌ಗಿಂತ 10 ಡಿಗ್ರಿ ಬಿಸಿಯಾಗಿದ್ದರೆ ರಂಧ್ರವು ಸುಮಾರು 6 ಮೈಕ್ರಾನ್ ಹಿಗ್ಗಿರುತ್ತದೆ. ಗೇಜ್ 25.003 ಎಂದು ತೋರಿಸುತ್ತದೆ, ಹುಡುಗ ಪಾಸ್ ಮಾಡುತ್ತಾನೆ, ತಣಿದ ಮೇಲೆ ಅದೇ ರಂಧ್ರ 24.997ಕ್ಕೆ ಇಳಿದಿರುತ್ತದೆ, ಮತ್ತು ಗ್ರಾಹಕರ ಇನ್‌ಸ್ಪೆಕ್ಷನ್‌ನಲ್ಲಿ ಇಡೀ ಬ್ಯಾಚ್ ಹಿಂದಿರುಗುತ್ತದೆ. ಯಂತ್ರದಲ್ಲಿ ದೋಷವಿಲ್ಲ, ಗೇಜಿನಲ್ಲಿ ದೋಷವಿಲ್ಲ, ಹುಡುಗ ಓದಿದ ಅಂಕಿಯಲ್ಲೂ ದೋಷವಿಲ್ಲ. ಇದನ್ನು ತರಗತಿಯ ಪಾಠವಾಗಿ ಕೇಳಿದವನು ಮರೆಯಬಹುದು. ಒಂದೇ ಭಾಗವನ್ನು ಇಳಿಸಿದ ಕೂಡಲೇ ಒಮ್ಮೆ, ತಣಿದ ಮೇಲೆ ಮತ್ತೊಮ್ಮೆ ತಾನೇ ಅಳೆದವನು ಮರೆಯುವುದಿಲ್ಲ.

ಇಷ್ಟನ್ನೂ ಪತ್ರದಲ್ಲಿ ಬರೆಯಬೇಕೆಂದಲ್ಲ. ಪತ್ರಕ್ಕೆ ಹೋಗುವುದು ಒಂದು ವಾಕ್ಯ ಮಾತ್ರ; ಉಳಿದದ್ದು ಭೇಟಿಯ ದಿನಕ್ಕೆ. ಆದರೆ ಇಷ್ಟು ನಿರ್ದಿಷ್ಟವಾಗಿ ಯೋಚಿಸದೆ ಬರೆದರೆ ಆ ಒಂದು ವಾಕ್ಯವೂ ‘ಗುಣಮಟ್ಟ ಸುಧಾರಣೆಯಲ್ಲಿ ಅಪಾರ ಅನುಭವವಿದೆ’ ಎಂಬಂತಹ ಯಾರು ಬೇಕಾದರೂ ಬರೆಯಬಹುದಾದ ಮಾತಾಗಿಬಿಡುತ್ತದೆ.

ಹಂತ 3: ಯಾರಿಗೆ ಬರೆಯಬೇಕು ಎಂಬುದನ್ನು ನಿರ್ಧರಿಸಿ

70 ಜನರ ಕಾರ್ಖಾನೆಯಲ್ಲಿ ಎಚ್‌ಆರ್ ಎಂದರೆ ಬಹುಮಟ್ಟಿಗೆ ಹಾಜರಿ, ಪಿಎಫ್, ಇಎಸ್‌ಐ ನೋಡಿಕೊಳ್ಳುವ ಒಬ್ಬರು. ಖಾಲಿ ಹುದ್ದೆಯೇ ಇಲ್ಲದ ಕೆಲಸಕ್ಕೆ ಬಂದ ಪತ್ರವನ್ನು ಅವರು ಏನು ಮಾಡಬೇಕೋ ತಿಳಿಯದೆ ಬದಿಗಿಡುತ್ತಾರೆ, ಮತ್ತು ಅದರಲ್ಲಿ ಅವರ ತಪ್ಪೇನೂ ಇಲ್ಲ. ಇಂತಹ ಪ್ರಸ್ತಾವವನ್ನು ಮಾಲೀಕರಿಗೆ ಅಥವಾ ಪ್ಲಾಂಟ್ ಹೆಡ್‌ಗೆ ನೇರವಾಗಿ ಬರೆಯಬೇಕು. ಐನೂರು ಜನರಿಗಿಂತ ದೊಡ್ಡ ಕಂಪನಿಯಾದರೆ ಆಯಾ ವಿಭಾಗದ ಮುಖ್ಯಸ್ಥರಿಗೆ ಬರೆದು, ತರಬೇತಿ ವಿಭಾಗಕ್ಕೆ ಪ್ರತಿ ಕಳುಹಿಸಬಹುದು.

ಮಾಲೀಕರು ಹಲವೆಡೆ ಎರಡನೆಯ ತಲೆಮಾರಿನವರು, ನಿಮಗಿಂತ ಇಪ್ಪತ್ತು ವರ್ಷ ಕಿರಿಯರು ಇರಬಹುದು. ‘ನೀವು’ ಎಂದೇ ಬರೆಯಿರಿ. ‘ತಾವು ದಯಮಾಡಿ ಒಂದು ಅವಕಾಶ ಕರುಣಿಸಬೇಕಾಗಿ ಪ್ರಾರ್ಥನೆ’ ಎಂಬ ಧಾಟಿ ಅರ್ಜಿಯದು. ‘ನಿಮ್ಮ ತಂದೆಯವರ ಕಾಲದಿಂದ ಈ ಕ್ಷೇತ್ರವನ್ನು ನೋಡಿದ್ದೇನೆ’ ಎಂಬ ಧಾಟಿ ಹಿರಿತನದ ಪ್ರದರ್ಶನ. ಎರಡೂ ಬೇಡ. ಭಾಷೆಯ ವಿಷಯದಲ್ಲಿ ಒಂದೇ ಸಲಹೆ: ಅವರು ಯಾವ ಭಾಷೆಯಲ್ಲಿ ವ್ಯವಹರಿಸುತ್ತಾರೋ ಆ ಭಾಷೆಯಲ್ಲಿ ಬರೆಯಿರಿ. ಕನ್ನಡದಲ್ಲಿ ಬರೆಯುವುದಾದರೆ ಯೂನಿಕೋಡ್‌ನಲ್ಲಿಯೇ ಬರೆಯಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರ ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ.

ಹಂತ 4: ಷರತ್ತುಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ

ಎಷ್ಟು ದಿನ, ಎಷ್ಟು ಹೊತ್ತು, ಎಷ್ಟು ಕಾಲ, ಯಾವಾಗ ನಿಲ್ಲಿಸಬಹುದು ಎಂಬ ನಾಲ್ಕು ವಿಷಯಗಳು ಪತ್ರದಲ್ಲಿ ಸ್ಪಷ್ಟವಾಗಿರಬೇಕು. ‘ನಿಮ್ಮ ಅನುಕೂಲದಂತೆ ಯಾವಾಗ ಬೇಕಾದರೂ ಬರಬಲ್ಲೆ’ ಎನ್ನುವುದು ಔದಾರ್ಯವೆಂದು ತೋರಿದರೂ, ಆ ‘ಯಾವಾಗ’ ಎಂಬುದನ್ನು ತೀರ್ಮಾನಿಸುವ ಕೆಲಸವನ್ನು ಅದು ಬಿಡುವಿಲ್ಲದ ಮಾಲೀಕರ ಮೇಲೆ ಹಾಕುತ್ತದೆ. ವಾರಕ್ಕೆ ಎರಡು ಅರ್ಧ ದಿನ, ಮೂರು ತಿಂಗಳು, ಮೊದಲ ತಿಂಗಳ ನಂತರ ಬೇಡವೆನಿಸಿದರೆ ಮುಂದುವರಿಯಬೇಕಿಲ್ಲ ಎಂದು ಬರೆದರೆ ಅವರು ತೀರ್ಮಾನಿಸಬೇಕಾದದ್ದು ಒಂದು ತಿಂಗಳ ಮಾತು ಮಾತ್ರ.

ಉಚಿತವಾಗಿ ಮಾಡಿಕೊಡುತ್ತೇನೆ ಎಂದು ಬರೆಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ, ಪಿಂಚಣಿ ಚೆನ್ನಾಗಿ ಬರುತ್ತಿದ್ದರೂ ಸಹ. ಹಣ ಕೊಡದೆ ಪಡೆದ ತರಬೇತಿಗೆ ಯಾರೂ ಹುಡುಗರನ್ನು ಯಂತ್ರದಿಂದ ಬಿಡಿಸಿ ಕಳುಹಿಸುವುದಿಲ್ಲ. ತುರ್ತು ಆರ್ಡರ್ ಬಂದ ದಿನ ಮೊದಲು ರದ್ದಾಗುವುದು ಅದೇ, ಮತ್ತು ನೀವು ಪೀಣ್ಯದವರೆಗೆ ಹೋಗಿ ಚಹಾ ಕುಡಿದು ಹಿಂದಿರುಗುತ್ತೀರಿ. ಅಲ್ಲದೆ, ಏನನ್ನೂ ಕೇಳದವರ ಉದ್ದೇಶವೇನಿರಬಹುದು ಎಂಬ ಸಂಶಯವೂ ಹುಟ್ಟುತ್ತದೆ. ಶುಲ್ಕವಿದೆ ಎಂಬುದನ್ನು ಪತ್ರದಲ್ಲಿ ಹೇಳಿ, ಮೊತ್ತವನ್ನು ಭೇಟಿಗೆ ಉಳಿಸಿಕೊಳ್ಳುವುದು ಮೇಲು. ಆದರೆ ಮೊತ್ತ ನಿಮ್ಮ ಮನಸ್ಸಿನಲ್ಲಿ ಮೊದಲೇ ನಿಶ್ಚಿತವಾಗಿರಬೇಕು.

ಮೊತ್ತ ನಿಶ್ಚಯಿಸಲು ಒಂದು ಸರಳ ದಾರಿ ಇದೆ. ನಮ್ಮ ಉದಾಹರಣೆಯವರ ಕೊನೆಯ ಸಂಬಳ ತಿಂಗಳಿಗೆ 1 ಲಕ್ಷ ರೂಪಾಯಿ ಇತ್ತು ಎಂದುಕೊಳ್ಳೋಣ. ತಿಂಗಳಿಗೆ 25 ಕೆಲಸದ ದಿನಗಳೆಂದರೆ ದಿನಕ್ಕೆ 4,000, ಅರ್ಧ ದಿನಕ್ಕೆ 2,000. ಪ್ರಯಾಣಕ್ಕೂ ಮನೆಯಲ್ಲಿ ಮಾಡಿಕೊಳ್ಳುವ ತಯಾರಿಗೂ 500 ಸೇರಿಸಿದರೆ ಭೇಟಿಗೆ 2,500 ಆಗುತ್ತದೆ.

ಹಂತ 5: ಪತ್ರವನ್ನು ಬರೆಯಿರಿ

ಮೊಬೈಲಿನಲ್ಲಿ ಎರಡು ಬಾರಿ ಬೆರಳಾಡಿಸುವಷ್ಟರಲ್ಲಿ ಮುಗಿಯುವ ಪತ್ರ ಸಾಕು. ನಮ್ಮ ಎಂಜಿನಿಯರ್ ಬರೆದದ್ದು ಹೀಗಿದೆ:

“ವಿಷಯ: ಹೊಸ ಇನ್‌ಸ್ಪೆಕ್ಟರ್‌ಗಳಿಗೆ ವಾರದಲ್ಲಿ ಎರಡು ಅರ್ಧ ದಿನ ಅಳತೆಯ ತರಬೇತಿ

ಮಾನ್ಯರೇ, ನಮಸ್ಕಾರ.

ಕ್ವಾಲಿಟಿ ವಿಭಾಗಕ್ಕೆ ಡಿಪ್ಲೊಮಾ ಟ್ರೈನಿಗಳು ಬೇಕೆಂದು ನೀವು ಕಳೆದ ತಿಂಗಳು ನೀಡಿದ್ದ ಜಾಹೀರಾತನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಆ ಕೆಲಸಕ್ಕೆ ಅರ್ಜಿ ಹಾಕುತ್ತಿಲ್ಲ. ಆ ಕೆಲಸಕ್ಕೆ ಬಂದವರಿಗೆ ಬೇಗ ಕೈ ಕೂರುವಂತೆ ಕಲಿಸಿಕೊಡಬಲ್ಲೆ.

ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಮಷಿನ್ ಶಾಪ್ ಮತ್ತು ಇನ್‌ಸ್ಪೆಕ್ಷನ್‌ನಲ್ಲಿ 34 ವರ್ಷ ಕೆಲಸ ಮಾಡಿ, ಎರಡು ವರ್ಷಗಳ ಹಿಂದೆ ನಿವೃತ್ತನಾದೆ. ಅಲ್ಯೂಮಿನಿಯಂ ಭಾಗಗಳ ನಿಖರ ರಂಧ್ರಗಳನ್ನು ಅಳೆಯುವಲ್ಲಿ, ಮುಖ್ಯವಾಗಿ ಬಿಸಿ ಭಾಗವನ್ನು ಅಳೆದು ಪಾಸ್ ಮಾಡುವಂತಹ ತಪ್ಪುಗಳನ್ನು ತಡೆಯುವಲ್ಲಿ, ಹೊಸಬರನ್ನು ತಯಾರು ಮಾಡುವುದು ಕೊನೆಯ ವರ್ಷಗಳಲ್ಲಿ ನನ್ನ ಕೆಲಸವಾಗಿತ್ತು.

ವಾರಕ್ಕೆ ಎರಡು ಅರ್ಧ ದಿನದಂತೆ ಮೂರು ತಿಂಗಳು ಬಂದು, ನಿಮ್ಮದೇ ಡ್ರಾಯಿಂಗ್ ಮತ್ತು ಗೇಜುಗಳನ್ನು ಬಳಸಿ, ಯಂತ್ರದ ಪಕ್ಕದಲ್ಲಿಯೇ ಮೂರು–ನಾಲ್ಕು ಜನರಿಗೆ ಕಲಿಸಬಲ್ಲೆ. ಏನನ್ನು ಕಲಿಸಬೇಕೆಂಬುದನ್ನು ನಿಮ್ಮ ಕ್ವಾಲಿಟಿ ಮುಖ್ಯಸ್ಥರು ಹೇಳಲಿ. ಭಾಗಗಳನ್ನು ಪಾಸ್ ಮಾಡುವ ಅಥವಾ ತಿರಸ್ಕರಿಸುವ ತೀರ್ಮಾನ ಎಂದಿನಂತೆ ಅವರದೇ. ಪ್ರತಿ ಭೇಟಿಗೆ ಇಷ್ಟು ಎಂದು ಶುಲ್ಕ ನಿಗದಿ ಮಾಡಿಕೊಳ್ಳಬಹುದು. ಮೊದಲ ತಿಂಗಳ ನಂತರ ಬೇಡವೆನಿಸಿದರೆ ಅಲ್ಲಿಗೇ ನಿಲ್ಲಿಸೋಣ.

ಒಮ್ಮೆ ಶಾಪ್ ಫ್ಲೋರ್ ನೋಡಿ, ಅರ್ಧ ಗಂಟೆ ಮಾತನಾಡಲು ಯಾವುದೇ ಮಂಗಳವಾರ ಅಥವಾ ಗುರುವಾರ ಬೆಳಿಗ್ಗೆ ಬರಬಲ್ಲೆ.

ಇಂತಿ,
ಹೆಸರು, ಬಡಾವಣೆ, ಮೊಬೈಲ್ ಸಂಖ್ಯೆ”

ಇದರಲ್ಲಿ ಅತ್ಯಂತ ಹೆಚ್ಚು ಕೆಲಸ ಮಾಡುವುದು ಕ್ವಾಲಿಟಿ ಮುಖ್ಯಸ್ಥರ ಕುರಿತ ವಾಕ್ಯ. ಮಾಲೀಕರು ಪತ್ರವನ್ನು ಇಷ್ಟಪಟ್ಟರೆ ಮರುಕ್ಷಣವೇ ಅದನ್ನು ತೋರಿಸುವುದು ಆ ಮುಖ್ಯಸ್ಥರಿಗೆ. ಹತ್ತು ಹನ್ನೆರಡು ವರ್ಷ ಅದೇ ಕಾರ್ಖಾನೆಯಲ್ಲಿ ದುಡಿದವರು, ಹೊರಗಿನಿಂದ ಒಬ್ಬ ಹಿರಿಯರು ಬಂದು ಮಾಲೀಕರ ಪಕ್ಕದಲ್ಲಿ ಕುಳಿತು ತಮ್ಮ ವಿಭಾಗದ ಹುಳುಕುಗಳನ್ನು ಎಣಿಸುತ್ತಾರೆಂದು ಭಾವಿಸಿದರೆ, ‘ನಮ್ಮಲ್ಲಿ ಎಲ್ಲ ಸರಿಯಾಗಿದೆ ಸರ್’ ಎಂಬ ಒಂದು ಮಾತಿನಿಂದ ವಿಷಯವನ್ನು ಮುಗಿಸಬಲ್ಲರು. ಪತ್ರವೇ ಅವರ ಅಧಿಕಾರವನ್ನು ಉಳಿಸಿ ಮಾತನಾಡಿದರೆ ಅವರು ಅಡ್ಡಿಯಾಗುವ ಕಾರಣ ಕಡಿಮೆಯಾಗುತ್ತದೆ. ಇದು ಬರಿಯ ಜಾಣತನವೂ ಅಲ್ಲ: ವಾರಕ್ಕೆ ಎಂಟು ಗಂಟೆ ಬರುವವರು ಪಾಸ್ ಮಾಡುವ ಹೊಣೆಯನ್ನು ಹೊರುವುದು ನಿಜಕ್ಕೂ ಸಾಧ್ಯವಿಲ್ಲ.

ಬಿಸಿ ಭಾಗದ ಪ್ರಸ್ತಾಪ ಇರುವ ವಾಕ್ಯವನ್ನೂ ಗಮನಿಸಬೇಕು. ಅದು ಕಂಪನಿಯ ಮೇಲೆ ಆರೋಪ ಹೊರಿಸುವುದಿಲ್ಲ. ‘ನಿಮ್ಮಲ್ಲಿ ರಿಜೆಕ್ಷನ್ ಹೆಚ್ಚೆಂದು ಕೇಳಿದ್ದೇನೆ’ ಎಂದು ಬರೆದಿದ್ದರೆ, ನಿಜವಾಗಿದ್ದರೂ, ಯಾರು ಹೇಳಿದರು ಎಂಬ ವಿಚಾರಣೆ ಅಲ್ಲಿ ಆರಂಭವಾಗುತ್ತಿತ್ತು. ಆ ತೊಂದರೆ ಇರುವವರು ಈ ವಾಕ್ಯವನ್ನು ಓದಿ ತಾವೇ ಗುರುತಿಸಿಕೊಳ್ಳುತ್ತಾರೆ.

ಇದೇ ವ್ಯಕ್ತಿ ಯೋಚಿಸದೆ ಬರೆದಿದ್ದರೆ ಪತ್ರ ಹೀಗೆ ಆರಂಭವಾಗುತ್ತಿತ್ತು: “ನಾನು ಇಂತಹ ವರ್ಷ ಟ್ರೈನಿಯಾಗಿ ಸೇರಿ, ಹಂತ ಹಂತವಾಗಿ ಬಡ್ತಿ ಪಡೆದು, ಉಪ ಪ್ರಧಾನ ವ್ಯವಸ್ಥಾಪಕನಾಗಿ ನಿವೃತ್ತನಾಗಿರುತ್ತೇನೆ. ನನ್ನ ಸುದೀರ್ಘ ಅನುಭವವನ್ನು ತಮ್ಮ ಸಂಸ್ಥೆಯ ಏಳಿಗೆಗೆ ಬಳಸಿಕೊಳ್ಳಬೇಕೆಂದು ಕೋರುತ್ತೇನೆ. ನಾಲ್ಕು ಪುಟಗಳ ಬಯೋಡೇಟಾ ಲಗತ್ತಿಸಿದೆ.” ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಹುದ್ದೆಯ ಹೆಸರು ಕೇಳಿದೊಡನೆ ಸಣ್ಣ ಕಾರ್ಖಾನೆಯವರಿಗೆ, ಕೆಳಗಿನವರಿಂದ ಕೆಲಸ ಮಾಡಿಸಿ ಅಭ್ಯಾಸವಾದವರು ಇವರು, ಕೈಯಲ್ಲಿ ಗೇಜ್ ಹಿಡಿದಾರೆಯೇ ಎಂಬ ಅನುಮಾನ ಬರುತ್ತದೆ. ಬಯೋಡೇಟಾವನ್ನು ಅವರು ಕೇಳಿದ ಮೇಲೆ, ಒಂದೇ ಪುಟದಲ್ಲಿ, ಕೊಡಿ.

ಹಂತ 6: ಕಳುಹಿಸಿ, ಬಂದ ಉತ್ತರವನ್ನು ಸರಿಯಾಗಿ ಓದಿ

ಇಮೇಲ್ ಮಾಡುವುದಾದರೆ ಪತ್ರವನ್ನು ಲಗತ್ತಿಸದೆ ನೇರವಾಗಿ ಮೇಲ್‌ನಲ್ಲಿಯೇ ಬರೆಯಬೇಕು. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವುದು ಪರಿಚಿತರೊಬ್ಬರು ಸಂಖ್ಯೆ ಕೊಟ್ಟಾಗ ಮಾತ್ರ ಸರಿ. ಆ ಪರಿಚಿತರ ಹೆಸರನ್ನು, ಅವರ ಒಪ್ಪಿಗೆ ಪಡೆದು, ಮೊದಲ ಸಾಲಿನಲ್ಲಿ ಹೇಳಬೇಕು. ತಿಂಗಳ ಕೊನೆಯ ವಾರ ರವಾನೆಯ ಒತ್ತಡವಿರುವುದರಿಂದ ತಿಂಗಳ ಎರಡನೆಯ ವಾರ ಒಳ್ಳೆಯದು. ಹತ್ತು ದಿನ ಕಾದು ಒಮ್ಮೆ ಎರಡು ಸಾಲಿನ ನೆನಪೋಲೆ ಬರೆಯಬಹುದು, ಅದಕ್ಕಿಂತ ಹೆಚ್ಚಿಲ್ಲ.

ಉತ್ತರದ ಬಗೆಯಿಂದಲೇ ಪತ್ರ ಹೇಗೆ ತಲುಪಿತೆಂದು ತಿಳಿಯುತ್ತದೆ. ಎಚ್‌ಆರ್‌ನಿಂದ ಅರ್ಜಿ ನಮೂನೆ ಬಂದು, ಹಿಂದಿನ ಸಂಬಳ ಮತ್ತು ನಿರೀಕ್ಷಿತ ಸಂಬಳ ಕೇಳಿದ್ದರೆ, ನಿಮ್ಮ ಪತ್ರವನ್ನು ನೌಕರಿಯ ಅರ್ಜಿಯೆಂದು ಓದಲಾಗಿದೆ; ನಮೂನೆಯನ್ನು ತುಂಬುವ ಬದಲು, ಇದು ಮೂರು ತಿಂಗಳ ತರಬೇತಿಯ ಪ್ರಸ್ತಾವವೆಂದು ಒಂದು ಸಾಲು ಬರೆದು ಪ್ಲಾಂಟ್ ಹೆಡ್‌ರನ್ನು ಭೇಟಿಯಾಗಬಹುದೇ ಎಂದು ಕೇಳಿ. ಮಾಲೀಕರೇ ಕರೆ ಮಾಡಿ ‘ನಮ್ಮಲ್ಲಿ ಒಂದು ತೊಂದರೆ ಇದೆ’ ಎಂದು ಹೇಳಲು ಆರಂಭಿಸಿದರೆ ಪತ್ರ ತನ್ನ ಕೆಲಸ ಮಾಡಿದೆ. ಆಗ ಫೋನಿನಲ್ಲಿಯೇ ಪರಿಹಾರ ಹೇಳಲು ಹೋಗಬಾರದು. ಭಾಗವನ್ನೂ ಗೇಜನ್ನೂ ನೋಡದೆ ಹೇಳಿದ ಪರಿಹಾರ ತಪ್ಪಾಗುವ ಸಂಭವವೇ ಹೆಚ್ಚು.

ಹಂತ 7: ಮೊದಲ ಭೇಟಿ ಮತ್ತು ಹಣದ ಲೆಕ್ಕ

ಭೇಟಿಯ ದಿನ ಮಾಲೀಕರ ಕೊಠಡಿಗಿಂತ ಹೆಚ್ಚು ಹೊತ್ತನ್ನು ಕ್ವಾಲಿಟಿ ಮುಖ್ಯಸ್ಥರೊಂದಿಗೆ ಕಳೆಯಿರಿ. ಯಾವ ಭಾಗದಲ್ಲಿ ಹುಡುಗರು ಹೆಚ್ಚು ಎಡವುತ್ತಾರೆ ಎಂದು ಅವರನ್ನೇ ಕೇಳಿ, ಅದೇ ಭಾಗದಿಂದ ತರಬೇತಿ ಆರಂಭಿಸುವುದಾಗಿ ಹೇಳಿ. ಕಂಡ ದೋಷಗಳನ್ನು ಅಂದೇ ಮಾಲೀಕರ ಮುಂದೆ ಪಟ್ಟಿ ಮಾಡಬೇಡಿ. ಅಪಾಯಕಾರಿಯಾದದ್ದೇನಾದರೂ ಕಂಡರೆ ಮಾತ್ರ ಅಲ್ಲಿಯೇ, ಸಂಬಂಧಪಟ್ಟವರಿಗೆ ಹೇಳಿ.

ಒಪ್ಪಂದ ಒಂದು ಪುಟದ ವರ್ಕ್ ಆರ್ಡರ್ ಆಗಿದ್ದರೆ ಸಾಕು. ಭೇಟಿಗಳ ಸಂಖ್ಯೆ, ಪ್ರತಿ ಭೇಟಿಯ ಅವಧಿ, ಶುಲ್ಕ, ಕಂಪನಿಯ ಕಾರಣದಿಂದ ಭೇಟಿ ಆ ದಿನವೇ ರದ್ದಾದರೆ ಶುಲ್ಕ ಸಲ್ಲುತ್ತದೆಯೇ ಎಂಬುದು, ಗೋಪ್ಯತೆ, ಮತ್ತು ಶಾಪ್ ಫ್ಲೋರ್‌ನಲ್ಲಿ ಗಾಯವಾದರೆ ಚಿಕಿತ್ಸೆಯ ವೆಚ್ಚ ಯಾರದು ಎಂಬುದು ಅದರಲ್ಲಿರಲಿ. ಕೊನೆಯದನ್ನು ಸಂಕೋಚದಿಂದ ಯಾರೂ ಕೇಳುವುದಿಲ್ಲ; ನೀವು ಅಲ್ಲಿನ ನೌಕರರಲ್ಲದ ಕಾರಣ ಇಎಸ್‌ಐ ನಿಮಗೆ ಅನ್ವಯಿಸುವುದಿಲ್ಲ, ಆದ್ದರಿಂದ ಕೇಳಲೇಬೇಕು.

ವಾರಕ್ಕೆ ಎರಡರಂತೆ 12 ವಾರಕ್ಕೆ 24 ಭೇಟಿ, ತಲಾ 2,500ರಂತೆ ಒಟ್ಟು 60,000 ರೂಪಾಯಿ. ವೃತ್ತಿಪರ ಶುಲ್ಕವು ಒಂದು ಆರ್ಥಿಕ ವರ್ಷದಲ್ಲಿ 50,000 ರೂಪಾಯಿ ಮೀರಿದರೆ ಕಂಪನಿ ಶೇ 10ರಷ್ಟು ಟಿಡಿಎಸ್ ಕಡಿತ ಮಾಡಬೇಕು. 2025ರ ಏಪ್ರಿಲ್‌ಗೆ ಮೊದಲು ಈ ಮಿತಿ 30,000 ಇತ್ತು. ಹಾಗಾಗಿ 6,000 ಕಡಿತವಾಗಿ 54,000 ಕೈಗೆ ಬರುತ್ತದೆ. ಕಂಪನಿಯ ಲೆಕ್ಕಿಗರು ಇದನ್ನು ತಾಂತ್ರಿಕ ಸೇವೆ ಎಂದು ಪರಿಗಣಿಸಿದರೆ ಕಡಿತ ಶೇ 2 ಮಾತ್ರ. ಯಾವುದಾದರೂ ಅದು ನಿಮ್ಮ ಹೆಸರಿನಲ್ಲಿಯೇ ಜಮೆಯಾಗಿ, ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ಹೊಂದಿಕೆಯಾಗುತ್ತದೆ; ಪ್ಯಾನ್ ಕೊಡದಿದ್ದರೆ ಮಾತ್ರ ಶೇ 20 ಕಡಿತವಾಗುತ್ತದೆ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ಮೀರದವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಅಗತ್ಯವಿಲ್ಲ, ಆದ್ದರಿಂದ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಬಾರದು. ಆದರೆ ಈ ಆದಾಯವನ್ನು ಪಿಂಚಣಿಯೊಂದಿಗೆ ಸೇರಿಸದೆ, ರಿಟರ್ನ್‌ನಲ್ಲಿ ವೃತ್ತಿಯ ಆದಾಯವೆಂದು ಪ್ರತ್ಯೇಕವಾಗಿ ತೋರಿಸಬೇಕಾಗುತ್ತದೆ. ಇದರಿಂದ ರಿಟರ್ನ್‌ನ ನಮೂನೆಯೂ ಬದಲಾಗುವುದರಿಂದ, ಇದುವರೆಗೆ ತಾವೇ ಸಲ್ಲಿಸುತ್ತಿದ್ದವರು ಮೊದಲ ವರ್ಷ ತೆರಿಗೆ ಸಲಹೆಗಾರರಿಗೆ ಒಮ್ಮೆ ತೋರಿಸಿ ಸಲ್ಲಿಸುವುದು ಒಳ್ಳೆಯದು.